ಸಂದರ್ಶನದಲ್ಲಿ ತಪ್ಪು ಉತ್ತರ ಕೊಟ್ಟು ಬಂದೆ, ಈಗ ಮೇಲ್ ಮಾಡಲೇ?

ಪ್ರಶ್ನೆ: ಮೇಡಂ, ನಿನ್ನೆ ಮಧ್ಯಾಹ್ನ ಡೇಟಾ ಅನಲಿಸ್ಟ್ ಕೆಲಸಕ್ಕೆ ಎರಡನೇ ಸುತ್ತಿನ ಇಂಟರ್‌ವ್ಯೂ ಆಯ್ತು, ಆನ್‌ಲೈನಲ್ಲಿ. "ಕಳೆದ 30 ದಿನದಲ್ಲಿ ಒಂದೂ ಆರ್ಡರ್ ಮಾಡದ ಗ್ರಾಹಕರ ಪಟ್ಟಿ ತೆಗೀರಿ" ಅಂತ ಕ್ವೆರಿ ಬರೆಸಿದರು. ಬರೆದೆ. "ಓಕೆ" ಅಂದು ಮುಂದಕ್ಕೆ ಹೋದರು. ರಾತ್ರಿ ಊಟಕ್ಕೆ ಕೂತಾಗ ಅದು ತಪ್ಪು ಅಂತ ಹೊಳೆಯಿತು. "ನಿಮ್ಮ ಕೆಲಸದಿಂದ ಕಂಪನಿಗೆ ಏನು ಉಪಯೋಗ ಆಯ್ತು" ಅನ್ನೋ ಪ್ರಶ್ನೆಗೂ ತಡವರಿಸಿದೆ. ಈಗ ಮೇಲ್ ಮಾಡಿ ಸರಿಪಡಿಸಬಹುದಾ? ಅವರು ಗಮನಿಸದೇ ಇದ್ದ ತಪ್ಪನ್ನ ನಾನೇ ಹೋಗಿ ತೋರಿಸಿಕೊಟ್ಟ ಹಾಗೆ ಆಗಲ್ವಾ? ನಾನು ಬರೆದ ಕ್ವೆರಿ, ಕಳಿಸಬೇಕು ಅಂದುಕೊಂಡಿರೋ ಮೇಲ್‌ನ ಕರಡು ಎರಡೂ ಜೊತೆಗಿವೆ.

— ಒಬ್ಬ ಓದುಗಿ, ಮೈಸೂರು

ಉತ್ತರ: ಕಳಿಸಿ, ಇವತ್ತೇ ಕಳಿಸಿ. ಆದರೆ ಈ ಕರಡನ್ನು ಮಾತ್ರ ಕಳಿಸಬೇಡಿ.

ಮೊದಲು ಕ್ವೆರಿಯನ್ನೇ ನೋಡೋಣ. ತಪ್ಪು ಎಲ್ಲಿದೆ ಅನ್ನುವುದು ಒಂದು ವಾಕ್ಯದಲ್ಲಿ ಹೇಳಲು ಬರುವಷ್ಟು ಸ್ಪಷ್ಟವಾಗುವ ತನಕ ಮೇಲ್ ಬರೆಯಲು ಕೂರಬಾರದು. ನೀವು ಬರೆದದ್ದು ಇದು:

```sql
SELECT c.customer_id
FROM customers c
LEFT JOIN orders o ON o.customer_id = c.customer_id
WHERE o.order_date < CURRENT_DATE - INTERVAL '30 days';
```

ಇದು ಎರರ್ ಕೊಡುವುದಿಲ್ಲ. ಓಡುತ್ತದೆ, ಪಟ್ಟಿಯನ್ನೂ ಕೊಡುತ್ತದೆ. ಅಪಾಯ ಇರುವುದೇ ಅಲ್ಲಿ. ಮೂವರು ಗ್ರಾಹಕರನ್ನು ಇಟ್ಟುಕೊಂಡು ಕೈಯಲ್ಲೇ ಓಡಿಸಿ ನೋಡಿ. ಇವತ್ತು ಜೂನ್ 30 ಅಂದುಕೊಳ್ಳಿ. ಮೊದಲನೆಯವರು ಮೇ 5ಕ್ಕೆ ಒಂದು, ಜೂನ್ 25ಕ್ಕೆ ಇನ್ನೊಂದು ಆರ್ಡರ್ ಮಾಡಿದ್ದಾರೆ. ಎರಡನೆಯವರದು ಏಪ್ರಿಲ್ 10ಕ್ಕೆ ಒಂದು, ಮೇ 2ಕ್ಕೆ ಒಂದು. ಮೂರನೆಯವರು ಹೆಸರು ನೋಂದಾಯಿಸಿದ್ದಾರೆ, ಏನೂ ಕೊಂಡಿಲ್ಲ. ಬರಬೇಕಾದ ಉತ್ತರ ಎರಡನೆಯವರು ಮತ್ತು ಮೂರನೆಯವರು.

ನಿಮ್ಮ ಕ್ವೆರಿ ಕೊಡುವುದು ಮೂರು ಸಾಲು. ಮೊದಲನೆಯವರು ಬರುತ್ತಾರೆ, ಏಕೆಂದರೆ ಅವರ ಮೇ ತಿಂಗಳ ಆರ್ಡರ್ 30 ದಿನಕ್ಕಿಂತ ಹಳೆಯದು. ಐದು ದಿನದ ಹಿಂದೆಯಷ್ಟೇ ಅವರು ಕೊಂಡಿದ್ದಾರೆ ಅನ್ನುವುದನ್ನು ಕ್ವೆರಿ ಕೇಳಿಯೇ ಇಲ್ಲ. ಎರಡನೆಯವರು ಎರಡು ಸಲ ಬರುತ್ತಾರೆ, ಹಳೆಯ ಆರ್ಡರ್ ಎರಡಿವೆ. ಮೂರನೆಯವರು ಬರುವುದೇ ಇಲ್ಲ. `LEFT JOIN` ಅವರನ್ನು ಉಳಿಸಿಕೊಂಡಿತ್ತು, ಆದರೆ ಅವರ `order_date` ಜಾಗದಲ್ಲಿ `NULL` ಇದೆ. `NULL` ಅನ್ನು ಯಾವ ತಾರೀಖಿನ ಜೊತೆ ಹೋಲಿಸಿದರೂ ಹೌದು ಅನ್ನುವ ಉತ್ತರ ಸಿಗುವುದಿಲ್ಲ, ಹಾಗಾಗಿ `WHERE` ಅವರನ್ನು ಹೊರಗೆ ಹಾಕಿಬಿಟ್ಟಿತು.

ಅವರು ಕೇಳಿದ್ದು ಗ್ರಾಹಕರ ಬಗ್ಗೆ, ನಿಮ್ಮ ಕ್ವೆರಿ ಉತ್ತರ ಹೇಳಿದ್ದು ಆರ್ಡರ್‌ಗಳ ಬಗ್ಗೆ. ನಿಮ್ಮ ಮೇಲ್‌ನ ಜೀವ ಇರುವುದು ಈ ಒಂದು ವಾಕ್ಯದಲ್ಲಿ.

ಹೀಗೇಕೆ ಅನ್ನುತ್ತೇನೆಂದರೆ, ಸರಿಯಾದ ಕ್ವೆರಿ ಕಳಿಸುವುದು ದೊಡ್ಡ ವಿಷಯವೇ ಅಲ್ಲ. ಮನೆಗೆ ಹೋದ ಮೇಲೆ ಎಲ್ಲರಿಗೂ ಇಂಟರ್ನೆಟ್ ಇದೆ, ಪಕ್ಕದಲ್ಲಿ ಸ್ನೇಹಿತರಿದ್ದಾರೆ. ಹನ್ನೆರಡು ವರ್ಷದಿಂದ ಸಂದರ್ಶನದ ಪ್ಯಾನೆಲ್‌ಗಳಲ್ಲಿ ಕೂರುತ್ತಿದ್ದೇನೆ. ಇಂಥ ಮೇಲ್ ಬಂದಾಗ ಕ್ವೆರಿಗಿಂತ ಮೊದಲು ನನ್ನ ಕಣ್ಣು ಹೋಗುವುದು ಅದರ ಮೇಲಿರುವ ಎರಡು ಸಾಲಿಗೆ. ಮೊದಲಿನದು ಏಕೆ ತಪ್ಪಾಯಿತು ಅನ್ನುವುದು ಇವರಿಗೆ ಗೊತ್ತಾಗಿದೆಯೇ? ಬರಿಯ ಸರಿ ಉತ್ತರ ಬಂದರೆ ಎಲ್ಲಿಂದಲೋ ಎತ್ತಿದ್ದಾರೆ ಅನ್ನಿಸುತ್ತದೆ. ತಪ್ಪಿನ ಕಾರಣ ಬಂದರೆ ನಾಳೆ ನನ್ನ ತಂಡದಲ್ಲಿ ಕೂತು ವರದಿ ಕಳಿಸುವ ಮೊದಲು ತಾವೇ ಒಮ್ಮೆ ಪರೀಕ್ಷಿಸುವ ಜನ ಇವರು ಅನ್ನಿಸುತ್ತದೆ. ಅನಲಿಸ್ಟ್ ಕೆಲಸದಲ್ಲಿ ಈ ಎರಡನೆಯ ಗುಣಕ್ಕೇ ಬೆಲೆ. ನಿಮ್ಮ ಪಟ್ಟಿಯನ್ನು ಹಿಡಿದುಕೊಂಡು ಮಾರ್ಕೆಟಿಂಗ್‌ನವರು "ಮತ್ತೆ ಬನ್ನಿ" ಅಂತ ರಿಯಾಯಿತಿ ಕೂಪನ್ ಕಳಿಸುತ್ತಾರೆ. ಮೊನ್ನೆಯಷ್ಟೇ ಪೂರ್ತಿ ದುಡ್ಡು ಕೊಟ್ಟು ಕೊಂಡವರಿಗೆ ಕೂಪನ್ ಹೋಗುತ್ತದೆ, ಒಮ್ಮೆಯೂ ಕೊಳ್ಳದವರಿಗೆ ಹೋಗುವುದಿಲ್ಲ.

ಇನ್ನು ನಿಮ್ಮ ಭಯ, ಅವರು ಗಮನಿಸಿರಲಿಕ್ಕಿಲ್ಲ ಅನ್ನುವುದು. ಸಂದರ್ಶಕರ "ಓಕೆ"ಗೆ ಅರ್ಥ ಹುಡುಕಬೇಡಿ. ಉತ್ತರ ಸರಿಯೋ ತಪ್ಪೋ ಮುಖದಲ್ಲಿ ತೋರಿಸಬೇಡಿ ಅಂತ ನಮಗೆ ಹೇಳಿಯೇ ಕೂರಿಸುತ್ತಾರೆ. ನಾನು ಅತಿ ಹೆಚ್ಚು ಓಕೆ ಅಂದಿರುವುದು ತಪ್ಪು ಉತ್ತರಗಳಿಗೆ ಇರಬೇಕು, ಸರಿಯಾದ ಉತ್ತರಕ್ಕೆ ಮರುಪ್ರಶ್ನೆ ಕೇಳುವ ಉತ್ಸಾಹ ಬರುತ್ತದೆ. ಅಲ್ಲದೆ ನೀವು ಬರೆದದ್ದು ಆನ್‌ಲೈನ್ ಎಡಿಟರ್‌ನಲ್ಲಿ. ಅದು ಅಲ್ಲೇ ಉಳಿದಿರುತ್ತದೆ. ಅಭಿಪ್ರಾಯ ಬರೆಯುವಾಗ ಅದನ್ನು ತೆರೆದು ನೋಡುತ್ತಾರೆ, ಕೆಲವೊಮ್ಮೆ ಆ ಸುತ್ತಿನಲ್ಲಿ ಇಲ್ಲದ ಇನ್ನೊಬ್ಬರೂ ನೋಡುತ್ತಾರೆ. ಮಾತಿನಲ್ಲಿ ಹೇಳಿದ್ದು ಗಾಳಿಗೆ ಹೋಗಬಹುದು, ಬರೆದದ್ದು ಹೋಗುವುದಿಲ್ಲ. ಅವರು ಗಮನಿಸಿದ್ದರೆ ಮೇಲ್‌ನಿಂದ ನಿಮಗೆ ಲಾಭ. ಗಮನಿಸಿಲ್ಲದಿದ್ದರೂ ನಷ್ಟ ಕಡಿಮೆ, ಏಕೆಂದರೆ ತಪ್ಪಿನ ಸುದ್ದಿ ಅವರಿಗೆ ಮುಟ್ಟುವಾಗ ತಿದ್ದುಪಡಿಯೂ ಜೊತೆಗೇ ಮುಟ್ಟುತ್ತದೆ.

ಈಗ ನಿಮ್ಮ ಕರಡು. ಕೋಪ ಮಾಡಿಕೊಳ್ಳಬೇಡಿ, ಸ್ವಲ್ಪ ಕತ್ತರಿ ಹಾಕುತ್ತೇನೆ. ಶುರುವಾಗುವುದೇ ಹೀಗೆ: "ನಿನ್ನೆ ನನಗೆ ತುಂಬಾ ಟೆನ್ಷನ್ ಆಗಿತ್ತು, ಹಿಂದಿನ ರಾತ್ರಿ ನಿದ್ದೆಯೂ ಇರಲಿಲ್ಲ, ಇಂಟರ್ನೆಟ್ ಕೂಡ ಎರಡು ಸಲ ಹೋಯಿತು." ಇದೆಲ್ಲ ನಿಜವೇ ಇರಬಹುದು. ಆದರೆ ಓದುವವರಿಗೆ ಮೂರು ಸಾಲು ಕಳೆದರೂ ವಿಷಯ ಏನು ಅಂತ ಗೊತ್ತಾಗಿಲ್ಲ. ಗೊತ್ತಾಗಿರುವುದು ಇಷ್ಟೇ, ಒತ್ತಡ ಬಂದರೆ ಇವರು ಎಡವುತ್ತಾರೆ, ಆಮೇಲೆ ಕಾರಣ ಹೇಳುತ್ತಾರೆ. ತಿಂಗಳ ಕೊನೆಯಲ್ಲಿ ವರದಿ ಕೊಡುವ ದಿನವೂ ಟೆನ್ಷನ್ ಇರುತ್ತದಲ್ಲ.

ಮುಂದೆ ಒಂದೇ ಪ್ಯಾರಾದಲ್ಲಿ ಮೂರು ಸಲ ಕ್ಷಮೆ ಕೇಳಿದ್ದೀರಿ. ತಪ್ಪು ಕ್ವೆರಿ ಬರೆದು ನೀವು ಯಾರಿಗೂ ಅನ್ಯಾಯ ಮಾಡಿಲ್ಲ. "ನಾನು ಬರೆದ ಕ್ವೆರಿ ತಪ್ಪಾಗಿತ್ತು" ಅಂದರೆ ಮುಗಿಯಿತು. ಆ ವಾಕ್ಯದಲ್ಲಿ "ಬಹುಶಃ", "ಸ್ವಲ್ಪ", "ಇನ್ನೂ ಚೆನ್ನಾಗಿ ಬರೆಯಬಹುದಿತ್ತೇನೋ" ಯಾವುದೂ ಬೇಡ. ನಿಮ್ಮ ಕರಡಿನಲ್ಲಿ "ಪೂರ್ತಿ ಆಪ್ಟಿಮೈಸ್ ಆಗಿರಲಿಲ್ಲ" ಅಂತ ಇದೆ. ಇದು ಕ್ಷಮೆಗಿಂತಲೂ ಕೆಟ್ಟದ್ದು. ಆಪ್ಟಿಮೈಸ್ ಆಗದ ಕ್ವೆರಿ ನಿಧಾನವಾಗಿ ಸರಿ ಉತ್ತರ ಕೊಡುತ್ತದೆ, ನಿಮ್ಮದು ತಪ್ಪು ಉತ್ತರ ಕೊಡುತ್ತಿತ್ತು. ತಪ್ಪಿಗೆ ಮೆತ್ತನೆಯ ಹೆಸರಿಟ್ಟರೆ ತಪ್ಪು ಇವರಿಗೆ ಇನ್ನೂ ಅರ್ಥವಾಗಿಲ್ಲ ಅಂತ ಓದುವವರು ತಿಳಿಯುತ್ತಾರೆ.

ಕೊನೆಯಲ್ಲಿ "ಕೈಂಡ್ಲಿ ಕನ್ಸಿಡರ್ ಮೈ ಕ್ಯಾಂಡಿಡೇಚರ್ ಅಂಡ್ ಡೂ ದ ನೀಡ್‌ಫುಲ್" ಅಂತ ಮುಗಿಸಿದ್ದೀರಿ. ನಮ್ಮ ಕಡೆಯ ಅರ್ಜಿಗಳ ಹಳೆಯ ಚಾಳಿ, ನಾನೂ ಮೊದಲ ಕೆಲಸಕ್ಕೆ ಹೀಗೇ ಬರೆದವಳು. ತಿದ್ದುಪಡಿಯ ಮೇಲ್‌ನಲ್ಲಿ ಬೇಡಿಕೆ ಇರಬಾರದು. ಇದು ಮಾಹಿತಿ. ಇನ್ನೊಂದು ಅವಕಾಶ ಕೊಡಿ ಅಂತ ಕೇಳಿದ ತಕ್ಷಣ ಅದು ಮರುಮೌಲ್ಯಮಾಪನದ ಅರ್ಜಿಯಾಗುತ್ತದೆ.

ನಾನಾಗಿದ್ದರೆ ಕಳಿಸುತ್ತಿದ್ದುದು ಹೀಗೆ. ನೀವು ಕಳಿಸುವುದು ಇಂಗ್ಲಿಷಿನಲ್ಲೇ, ಇಲ್ಲಿ ಕನ್ನಡದಲ್ಲಿ ಕೊಡುತ್ತೇನೆ. ವಾಕ್ಯಗಳ ಕ್ರಮ, ಎಷ್ಟಕ್ಕೆ ನಿಲ್ಲಿಸಿದೆ ಅನ್ನುವುದನ್ನು ನೋಡಿ.

> ನಮಸ್ಕಾರ,
>
> ನಿನ್ನೆ ಡೇಟಾ ಅನಲಿಸ್ಟ್ ಹುದ್ದೆಯ ಎರಡನೇ ಸುತ್ತಿಗೆ ಸಮಯ ಕೊಟ್ಟಿದ್ದಕ್ಕೆ ಧನ್ಯವಾದಗಳು. ಕೆಳಗಿನ ತಿದ್ದುಪಡಿಯನ್ನು ಸಂದರ್ಶನ ನಡೆಸಿದವರಿಗೆ ದಯವಿಟ್ಟು ತಲುಪಿಸಿ.
>
> 30 ದಿನಗಳಿಂದ ಆರ್ಡರ್ ಮಾಡದ ಗ್ರಾಹಕರ ಪ್ರಶ್ನೆಗೆ ನಾನು ಬರೆದ ಕ್ವೆರಿ ತಪ್ಪಾಗಿತ್ತು. ಅದು ಹಳೆಯ ಆರ್ಡರ್‌ಗಳನ್ನು ಹುಡುಕುತ್ತಿತ್ತು, ಆರ್ಡರ್ ಮಾಡದ ಗ್ರಾಹಕರನ್ನಲ್ಲ. ಇದರಿಂದ ಮೊನ್ನೆ ಕೊಂಡವರೂ ಪಟ್ಟಿಗೆ ಬರುತ್ತಿದ್ದರು, ಒಮ್ಮೆಯೂ ಕೊಳ್ಳದವರು ಬಿಟ್ಟುಹೋಗುತ್ತಿದ್ದರು. ಸರಿಯಾದ ಕ್ವೆರಿ:

```sql
SELECT c.customer_id
FROM customers c
LEFT JOIN orders o
  ON o.customer_id = c.customer_id
 AND o.order_date >= CURRENT_DATE - INTERVAL '30 days'
WHERE o.order_id IS NULL;
```

> ತಾರೀಖಿನ ಷರತ್ತು `ON`ಗೆ ಬಂದಿದೆ. ಆ ಅವಧಿಯಲ್ಲಿ ಹೊಂದುವ ಆರ್ಡರ್ ಸಿಗದ ಗ್ರಾಹಕರು ಮಾತ್ರ ಉಳಿಯುತ್ತಾರೆ. ಈಚೆಗೆ ಕೊಂಡವರು, ಹಿಂದೆ ಕೊಂಡವರು, ಕೊಳ್ಳದೇ ಇರುವವರು ಮೂವರನ್ನೂ ಇಟ್ಟು ಪೋಸ್ಟ್‌ಗ್ರೆಸ್‌ನಲ್ಲಿ ಎರಡೂ ಕ್ವೆರಿಗಳನ್ನು ಓಡಿಸಿ ನೋಡಿದ್ದೇನೆ.
>
> ಇಂತಿ,
> (ಹೆಸರು, ಫೋನ್ ನಂಬರ್)

ಇಷ್ಟೇ. ಇಂಗ್ಲಿಷಿನಲ್ಲಿ ಕ್ವೆರಿ ಬಿಟ್ಟು ಸುಮಾರು ನೂರು ಪದ ಆಗಬಹುದು. ನೂರೈವತ್ತು ದಾಟಿದರೆ ಎಲ್ಲೋ ಕಾರಣ ಹೇಳಲು ಶುರು ಮಾಡಿದ್ದೀರಿ ಅಂತ ಅರ್ಥ, ಹುಡುಕಿ ತೆಗೆಯಿರಿ. ಧನ್ಯವಾದಕ್ಕೆ ಒಂದೇ ವಾಕ್ಯ. "ನಿಮ್ಮ ಕಂಪನಿಯ ಸಂಸ್ಕೃತಿ ನನ್ನನ್ನು ಬಹಳ ಪ್ರಭಾವಿಸಿತು" ಅಂತೆಲ್ಲ ಬೇಡ. ತಪ್ಪು ಒಪ್ಪಿಕೊಳ್ಳುವ ಮೊದಲು ಹೊಗಳಿದರೆ ಓದುವವರಿಗೆ ಮುಂದೇನೋ ಕಾದಿದೆ ಅನ್ನಿಸುತ್ತದೆ.

ಕೊನೆಯ ವಾಕ್ಯವನ್ನು ನಿಜವಾಗಿಯೂ ಓಡಿಸಿ ನೋಡಿದ್ದರೆ ಮಾತ್ರ ಬರೆಯಿರಿ. ನೋಡದೆ ಬರೆದರೆ ಏನಾಗುತ್ತದೆ ಅನ್ನುವುದಕ್ಕೆ ನನ್ನ ಕಣ್ಣೆದುರಿನ ಒಂದು ಉದಾಹರಣೆ ಇದೆ. ಕೆಲವು ವರ್ಷದ ಹಿಂದೆ ಸುಮಾರು ಇದೇ ಪ್ರಶ್ನೆಗೆ ತಪ್ಪು ಬರೆದ ಹುಡುಗರೊಬ್ಬರು ಅಂದೇ ಸಂಜೆ ತಿದ್ದುಪಡಿ ಕಳಿಸಿದ್ದರು. ಮೇಲ್ ಚೊಕ್ಕವಾಗಿತ್ತು, ಧೈರ್ಯವಾಗಿಯೂ ಇತ್ತು. ಆದರೆ ಕ್ವೆರಿಯಲ್ಲಿ ಇದನ್ನು ಬಳಸಿದ್ದರು:

```sql
WHERE c.customer_id NOT IN (
  SELECT customer_id FROM orders
  WHERE order_date >= CURRENT_DATE - INTERVAL '30 days')
```

ನೋಡಲು ಚೆಂದ, ಓದಲೂ ಸುಲಭ. ಆದರೆ ಸಂದರ್ಶನದಲ್ಲಿ ನಾವು ಕೊಟ್ಟಿದ್ದ ಟೇಬಲ್‌ನಲ್ಲಿ ಲಾಗಿನ್ ಆಗದೇ ಕೊಳ್ಳುವ ಅತಿಥಿ ಗ್ರಾಹಕರೂ ಇದ್ದರು, ಅಂಥ ಆರ್ಡರ್‌ಗಳಲ್ಲಿ `customer_id` ಜಾಗ `NULL`. ಒಳಗಿನ ಪಟ್ಟಿಯಲ್ಲಿ ಒಂದೇ ಒಂದು `NULL` ಸೇರಿಕೊಂಡರೂ `NOT IN` ಯಾರನ್ನೂ ಒಳಗೆ ಬಿಡುವುದಿಲ್ಲ, ಪಟ್ಟಿ ಖಾಲಿ ಬರುತ್ತದೆ. ಮೊದಲ ತಪ್ಪನ್ನು ಸಂದರ್ಶನದ ಗಡಿಬಿಡಿ ಅಂತ ಬಿಟ್ಟುಬಿಡಬಹುದಿತ್ತು. ಎರಡನೆಯದನ್ನು ಮನೆಯಲ್ಲಿ ಕೂತು, ಸಮಯ ತೆಗೆದುಕೊಂಡು, ತಾವಾಗಿಯೇ ಕಳಿಸಿದ್ದರು. ಪ್ಯಾನೆಲ್‌ನಲ್ಲಿದ್ದ ಇನ್ನೊಬ್ಬರು ನಕ್ಕರು. ನನಗೆ ಪಾಪ ಅನ್ನಿಸಿತು, ಆದರೂ ಅವರ ಪರವಾಗಿ ವಾದ ಮಾಡಲು ಕೈಯಲ್ಲಿ ಏನೂ ಉಳಿದಿರಲಿಲ್ಲ. ಅದಕ್ಕೇ ಐದಾರು ಸಾಲಿನ ಟೇಬಲ್ ಮಾಡಿ, ಅದರಲ್ಲಿ ಒಂದು ಸಾಲು ಅತಿಥಿ ಆರ್ಡರ್‌ನದ್ದೂ ಇರಲಿ, ಓಡಿಸಿ ನೋಡಿ. ಮೇಲೆ ಕೊಟ್ಟಿರುವ ಕ್ವೆರಿಗೆ ಅದರಿಂದ ತೊಂದರೆ ಇಲ್ಲ. ಯಾವ ಡೇಟಾಬೇಸ್ ಅಂತ ಹೇಳುವುದೂ ಇದೇ ಕಾರಣಕ್ಕೆ. ಮೈಎಸ್‌ಕ್ಯೂಎಲ್‌ನಲ್ಲಾದರೆ ಆ ಜಾಗದಲ್ಲಿ `INTERVAL 30 DAY` ಅಂತ ಬರೆಯಬೇಕು.

ಇನ್ನೊಂದು ಸಣ್ಣ ವಿಷಯ, ಎಷ್ಟೋ ಜನ ಇದರಲ್ಲಿ ಎಡವುತ್ತಾರೆ. ಮೇಲನ್ನು ವರ್ಡ್‌ನಲ್ಲಿ ಬರೆದು ಕಾಪಿ ಮಾಡಬೇಡಿ. ವರ್ಡ್ ಆ `'30 days'` ಸುತ್ತಲಿನ ನೇರ ಉದ್ಧರಣ ಚಿಹ್ನೆಗಳನ್ನು ಬಾಗಿದ ಚಿಹ್ನೆಗಳಾಗಿ ಬದಲಾಯಿಸಿಬಿಡುತ್ತದೆ. ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ, ಆದರೆ ಪ್ಯಾನೆಲ್‌ನವರು ಅದನ್ನು ಕಾಪಿ ಮಾಡಿ ಓಡಿಸಿದರೆ ಎರರ್ ಬರುತ್ತದೆ. ನೋಟ್‌ಪ್ಯಾಡ್‌ನಲ್ಲಿ ಬರೆಯಿರಿ, ಮೊದಲು ನಿಮಗೇ ಕಳಿಸಿಕೊಳ್ಳಿ, ಅಲ್ಲಿಂದ ಕಾಪಿ ಮಾಡಿ ಓಡಿಸಿ. ಫೋನಿನಲ್ಲೂ ತೆರೆದು ನೋಡಿ, ಸಾಲುಗಳು ಮುರಿದಿವೆಯೇ ಅಂತ. ಸ್ಕ್ರೀನ್‌ಶಾಟ್ ಬೇಡ, ಅಟ್ಯಾಚ್‌ಮೆಂಟ್ ಅಂತೂ ಬೇಡವೇ ಬೇಡ. ಹೊರಗಿನವರು ಕಳಿಸಿದ ಫೈಲ್ ತೆರೆಯಲು ಆಫೀಸಿನಲ್ಲಿ ಯಾರಿಗೂ ಮನಸ್ಸಾಗುವುದಿಲ್ಲ.

ಯಾರಿಗೆ ಕಳಿಸಬೇಕು? ಸಂದರ್ಶನದ ಸಮಯ ಗೊತ್ತುಮಾಡಿದ ಎಚ್‌ಆರ್‌ಗೆ, ಅವರು ಕಳಿಸಿದ್ದ ಅದೇ ಮೇಲ್‌ಗೆ ರಿಪ್ಲೈ ಮಾಡಿ. ಹೊಸ ಮೇಲ್ ಶುರು ಮಾಡಬೇಡಿ. ಅವರ ಕೈಯಲ್ಲಿ ಒಂದೇ ದಿನ ಹತ್ತಾರು ಅಭ್ಯರ್ಥಿಗಳಿರುತ್ತಾರೆ. ಅದೇ ಸರಣಿಯಲ್ಲಿ ಬಂದರೆ ಯಾವ ಹುದ್ದೆ, ಯಾವ ಸುತ್ತು ಅಂತ ಅವರು ಹುಡುಕಬೇಕಾಗಿಲ್ಲ, ಫಾರ್ವರ್ಡ್ ಒತ್ತಿದರೆ ಸಾಕು. ಅವರು ಫಾರ್ವರ್ಡ್ ಮಾಡುವುದರಿಂದಲೇ ಕ್ವೆರಿ ಕೇಳಿದವರಿಗೆ ಬೇರೆ ವಿವರಣೆ ಇಲ್ಲದೆ ಅರ್ಥವಾಗುವ ಹಾಗೆ ಮೇಲ್ ಇರಬೇಕು.

ಸಂದರ್ಶಕರ ಮೇಲ್ ವಿಳಾಸ ಕ್ಯಾಲೆಂಡರ್ ಆಹ್ವಾನದಲ್ಲಿ ಕಾಣುತ್ತದಲ್ಲ, ನೇರವಾಗಿ ಅವರಿಗೇ ಕಳಿಸಬಾರದೇ ಅಂತ ನೀವು ಕೇಳಬಹುದು. ಅವರೇ "ಏನಾದರೂ ಇದ್ದರೆ ನನಗೆ ಬರೆಯಿರಿ" ಅಂದಿದ್ದರೆ ಧಾರಾಳವಾಗಿ ಕಳಿಸಿ, ಎಚ್‌ಆರ್ ಅವರನ್ನೂ ಸೇರಿಸಿ. ಹಾಗೆ ಅಂದಿಲ್ಲದಿದ್ದರೆ ಬೇಡ. ಕೆಲವು ಕಡೆ ಅಭ್ಯರ್ಥಿಗಳ ಜೊತೆ ನೇರವಾಗಿ ಪತ್ರ ವ್ಯವಹಾರ ಮಾಡಬಾರದು ಅಂತ ಸಂದರ್ಶಕರಿಗೆ ನಿಯಮವೇ ಇರುತ್ತದೆ, ಸುಮ್ಮನೆ ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಿದಂತಾಗುತ್ತದೆ. ಲಿಂಕ್ಡ್‌ಇನ್‌ನಲ್ಲಿ ಹುಡುಕಿ ಮೆಸೇಜ್ ಮಾಡುವುದು, ಎಚ್‌ಆರ್‌ಗೆ ವಾಟ್ಸ್ಆ್ಯಪ್‌ನಲ್ಲಿ "ಮೇಲ್ ನೋಡಿದ್ರಾ ಮ್ಯಾಮ್" ಅಂತ ಕೇಳುವುದು, ಎರಡೂ ಬೇಡ.

ಇವತ್ತೇ ಕಳಿಸಿ ಅಂದದ್ದಕ್ಕೂ ಕಾರಣ ಇದೆ. ಸಂದರ್ಶನ ಮುಗಿದ ಮೇಲೆ ಪ್ರತಿಯೊಬ್ಬ ಸಂದರ್ಶಕರೂ ಒಂದು ಫಾರಂ ತುಂಬುತ್ತಾರೆ, ತೆಗೆದುಕೊಳ್ಳಬಹುದೋ ಬೇಡವೋ, ಏಕೆ ಅಂತ. ನಾನಂತೂ ಅದನ್ನು ಮರುದಿನಕ್ಕೆ ಮುಂದೂಡುತ್ತೇನೆ, ನನ್ನಂಥವರು ಬಹಳ ಜನ. ಆ ಫಾರಂ ತುಂಬುವ ಮೊದಲು ನಿಮ್ಮ ಮೇಲ್ ತಲುಪಿದರೆ "ಕ್ವೆರಿ ತಪ್ಪು" ಅನ್ನುವ ಸಾಲಿನ ಪಕ್ಕದಲ್ಲಿ "ಆಮೇಲೆ ತಾವೇ ಕಂಡುಹಿಡಿದು ಕಾರಣ ಸಮೇತ ತಿದ್ದಿದ್ದಾರೆ" ಅನ್ನುವ ಸಾಲೂ ಸೇರುತ್ತದೆ. ಫಾರಂ ಹೋದ ಮೇಲೆ ಬಂದರೂ ಎಲ್ಲರೂ ಕೂತು ಚರ್ಚೆ ಮಾಡುವಾಗ ಅದನ್ನು ಎತ್ತಬಹುದು. ತೀರ್ಮಾನ ಆದ ಮೇಲೆ ಬಂದರೆ ಯಾರೂ ಕಡತ ತೆರೆಯುವುದಿಲ್ಲ. ಹಾಗಂತ ರಾತ್ರಿ ಹನ್ನೊಂದೂವರೆಗೆ ಹೊಳೆದದ್ದನ್ನು ಹನ್ನೊಂದು ನಲವತ್ತಕ್ಕೆ ಕಳಿಸುವುದೂ ಬೇಡ. ನಿದ್ದೆ ಮಾಡಿ, ಬೆಳಿಗ್ಗೆ ಓಡಿಸಿ ನೋಡಿ, ಹನ್ನೊಂದರೊಳಗೆ ಕಳಿಸಿ. ಸಂದರ್ಶನದಿಂದ 24 ಗಂಟೆ ಅನ್ನುವುದು ನಾನು ಇಟ್ಟುಕೊಂಡಿರುವ ಗಡುವು.

ಇನ್ನು ಎರಡನೆಯ ಪ್ರಶ್ನೆ, ಕೆಲಸದಿಂದ ಏನು ಉಪಯೋಗ ಆಯ್ತು ಅನ್ನುವುದಕ್ಕೆ ತಡವರಿಸಿದ್ದು. ಕರಡಿನಲ್ಲಿ ಅದಕ್ಕೂ ಒಂದು ಪ್ಯಾರಾ ಬರೆದಿದ್ದೀರಿ: ಪ್ರತಿ ಸೋಮವಾರದ ಮಾರಾಟದ ವರದಿಗೆ ಮೊದಲು ಒಬ್ಬರು ಇಡೀ ದಿನ ಎಕ್ಸೆಲ್‌ನಲ್ಲಿ ಕೂರುತ್ತಿದ್ದರು, ನೀವು ಮಾಡಿದ ಡ್ಯಾಶ್‌ಬೋರ್ಡ್ ಬಂದ ಮೇಲೆ ಇಪ್ಪತ್ತು ನಿಮಿಷ ಸಾಕಾಯಿತು. ಒಳ್ಳೆಯ ಉತ್ತರ. ಆದರೂ ಈ ಮೇಲ್‌ನಲ್ಲಿ ಬೇಡ ಅನ್ನುತ್ತೇನೆ, ಇದರ ಬಗ್ಗೆ ನನ್ನ ಸಹೋದ್ಯೋಗಿಗಳಲ್ಲೇ ಒಮ್ಮತ ಇಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ.

ನನ್ನ ಲೆಕ್ಕ ಹೀಗೆ. ಕ್ವೆರಿಯ ತಿದ್ದುಪಡಿಯನ್ನು ಓದುವವರು ಅರ್ಧ ನಿಮಿಷದಲ್ಲಿ ತಾವೇ ಪರೀಕ್ಷಿಸಿ ಹೌದು ಅನ್ನಬಹುದು, ನಿಮ್ಮನ್ನು ನಂಬಬೇಕಾದ ಅಗತ್ಯವೇ ಇಲ್ಲ. ಇಪ್ಪತ್ತು ನಿಮಿಷದ ಕಥೆಯನ್ನು ಹಾಗೆ ಪರೀಕ್ಷಿಸಲು ಬರುವುದಿಲ್ಲ. ಸಂದರ್ಶನದಲ್ಲೇ ಹೇಳಿದ್ದರೆ "ಮೊದಲು ಯಾರು ಮಾಡುತ್ತಿದ್ದರು? ಅಂಕಿಗಳು ತಾಳೆಯಾಗದಿದ್ದರೆ ಏನು ಮಾಡಿದಿರಿ?" ಅಂತ ಕೆದಕುತ್ತಿದ್ದರು, ನಿಮ್ಮ ಉತ್ತರಗಳಿಂದ ಅದು ಗಟ್ಟಿಯಾಗುತ್ತಿತ್ತು. ಮೇಲ್‌ನಲ್ಲಿ ಬಂದರೆ ಮನೆಯಲ್ಲಿ ಕೂತು ಹೊಂದಿಸಿದ ಉತ್ತರದಂತೆ ಕಾಣುತ್ತದೆ, ನಿಜವೇ ಆಗಿದ್ದರೂ. ಜೊತೆಗೆ, ಎರಡನ್ನೂ ಸೇರಿಸಿದರೆ ಮೊದಲನೆಯದರ ಬಿಗಿ ಸಡಿಲವಾಗುತ್ತದೆ. ಒಂದು ತಿದ್ದುಪಡಿ ಕಳಿಸಿದವರು ಎಚ್ಚರಿಕೆಯ ಮನುಷ್ಯರು, ಮೂರು ಕಳಿಸಿದವರು ಇಡೀ ಪರೀಕ್ಷೆಯನ್ನೇ ಮತ್ತೆ ಬರೆಯುತ್ತಿದ್ದಾರೆ. ಈ ಉತ್ತರವನ್ನು ಕೈಯಲ್ಲಿ ಇಟ್ಟುಕೊಳ್ಳಿ. ಮುಂದಿನ ಸುತ್ತು ಮ್ಯಾನೇಜರ್ ಜೊತೆ ಇದ್ದರೆ ಇದೇ ಪ್ರಶ್ನೆ ಬೇರೆ ಮಾತಿನಲ್ಲಿ ಬಂದೇ ಬರುತ್ತದೆ, ಅಲ್ಲಿ ನಿಧಾನವಾಗಿ ಹೇಳಿ.

ತಡವರಿಸಿದ ಉತ್ತರವನ್ನು ಮೇಲ್‌ನಲ್ಲಿ ಮತ್ತೆ ಎತ್ತಬಹುದಾದ ಸಂದರ್ಭ ಒಂದಿದೆ. ಅವರು ಕೇಳಿದ ಸಂಗತಿ ಆಗ ನಿಮಗೆ ನೆನಪಿಗೆ ಬಂದಿಲ್ಲ, ಈಗ ಒಂದೇ ವಾಕ್ಯದಲ್ಲಿ ಹೇಳಬಹುದು, ಅದು ಈ ಹುದ್ದೆಗೆ ನೇರವಾಗಿ ಬೇಕಾದದ್ದು. "ಪವರ್ ಬಿಐ ಬಳಸಿದ್ದೀರಾ" ಅಂದಾಗ ಇಲ್ಲ ಅಂದಿರಿ, ಆಮೇಲೆ ಹಿಂದಿನ ಕೆಲಸದಲ್ಲಿ ಆರು ತಿಂಗಳು ಬಳಸಿದ್ದು ನೆನಪಾಯಿತು, ಹೀಗೆ. "ನಿಮ್ಮ ದೌರ್ಬಲ್ಯ ಏನು", "ಐದು ವರ್ಷದ ನಂತರ ಎಲ್ಲಿರುತ್ತೀರಿ" ಇಂಥವಕ್ಕೆ ಪೇಲವ ಉತ್ತರ ಕೊಟ್ಟಿದ್ದರೆ ಹಾಗೇ ಬಿಟ್ಟುಬಿಡಿ. ಅದನ್ನು ನೆನಪಿಟ್ಟುಕೊಂಡಿರುವವರು ನೀವೊಬ್ಬರೇ.

ನಿಮ್ಮ ಬಗ್ಗೆಯೇ ಹೇಳಿದ ಸಂಗತಿ ತಪ್ಪಾಗಿದ್ದರೆ ಮಾತ್ರ ಲೆಕ್ಕ ಬೇರೆ. ಹಿಂದಿನ ಕೆಲಸ ಬಿಟ್ಟ ತಿಂಗಳು, ಈಗಿನ ಸಂಬಳ, ನೋಟಿಸ್ ಅವಧಿ. ನಿಮ್ಮ ಪತ್ರದಲ್ಲಿ ಇದಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ಕ್ವೆರಿಗೆ ಒದ್ದಾಡುವವರು ಇದನ್ನು ಹಗುರವಾಗಿ ಬಿಡುತ್ತಾರೆ. ನೋಟಿಸ್ ಅವಧಿ 90 ದಿನ ಇದ್ದು ಬಾಯಿತಪ್ಪಿ 60 ಅಂದಿದ್ದರೆ, ಅಥವಾ ವೇರಿಯಬಲ್ ಸೇರಿಸಿದ ಸಂಬಳವನ್ನು ಫಿಕ್ಸೆಡ್ ಅಂದಿದ್ದರೆ, ಎಚ್‌ಆರ್‌ಗೆ ಎರಡು ಸಾಲು ಬರೆದು ಸರಿಪಡಿಸಿ, ಅದರಿಂದ ನಿಮಗೆ ಅನನುಕೂಲ ಆದರೂ. ಆಫರ್ ಹೊತ್ತಿಗೆ ಸಂಬಳದ ಚೀಟಿ, ಫಾರಂ 16, ಹಿಂದಿನ ಕಂಪನಿಯ ರಿಲೀವಿಂಗ್ ಲೆಟರ್ ಕೇಳುತ್ತಾರೆ. ಪಿಎಫ್ ಖಾತೆಯ ಸರ್ವಿಸ್ ಹಿಸ್ಟರಿಯಲ್ಲಿ ಯಾವ ಕಂಪನಿಗೆ ಎಂದು ಸೇರಿದಿರಿ, ಎಂದು ಬಿಟ್ಟಿರಿ ಅನ್ನುವುದು ತಾರೀಖು ಸಮೇತ ಇರುತ್ತದೆ. ಈಗ ನೀವೇ ಹೇಳಿದರೆ ಬಾಯಿತಪ್ಪು, ಆಗ ಅವರೇ ಕಂಡರೆ ಸುಳ್ಳು. ಈ ತಿದ್ದುಪಡಿಯನ್ನು ಕ್ವೆರಿಯ ಮೇಲ್‌ಗೆ ಸೇರಿಸದೆ ಬೇರೆಯಾಗಿಯೇ ಕಳಿಸಬೇಕು, ತಾಂತ್ರಿಕ ಪ್ಯಾನೆಲ್‌ಗೆ ನಿಮ್ಮ ಸಂಬಳದ ವಿಷಯ ಹೋಗುವ ಅಗತ್ಯ ಇಲ್ಲ.

ಇದನ್ನು ಓದುವ ಬೇರೆಯವರಿಗೆ ಒಂದು ಮಾತು: ಇದೆಲ್ಲ ಖಾಸಗಿ ಕಂಪನಿಗಳಿಗೆ. ಸರ್ಕಾರಿ ನೇಮಕಾತಿಯ ಸಂದರ್ಶನಗಳಲ್ಲಿ ಹೇಳಿದ್ದು ಅಲ್ಲಿಗೇ ಮುಗಿಯಿತು. ಯಾವುದೇ ಬಗೆಯ ಪ್ರಭಾವ ಬೀರಲು ಯತ್ನಿಸಿದರೆ ಅನರ್ಹ ಅಂತ ಅಧಿಸೂಚನೆಗಳಲ್ಲೇ ಇರುತ್ತದೆ, ನಿಮ್ಮ ಸದುದ್ದೇಶದ ಮೇಲನ್ನು ಹಾಗೆ ಓದುವುದಕ್ಕೆ ಅವಕಾಶ ಕೊಡಬೇಡಿ.

ಮೇಲ್‌ನಿಂದ ಏನು ನಿರೀಕ್ಷಿಸಬಹುದು? ಒಂದು ಸುತ್ತಿನಲ್ಲಿ ಐದು ಪ್ರಶ್ನೆ ಕೇಳಿ, ನಾಲ್ಕಕ್ಕೆ ನೀವು ಚೆನ್ನಾಗಿ ಉತ್ತರಿಸಿ, ಒಂದು ತಪ್ಪಾಗಿದ್ದರೆ ಈ ಮೇಲ್ ತಕ್ಕಡಿಯನ್ನು ನಿಮ್ಮ ಕಡೆಗೆ ವಾಲಿಸಬಲ್ಲದು. ಐದರಲ್ಲಿ ನಾಲ್ಕು ತಪ್ಪಾಗಿದ್ದರೆ ಏನೂ ಮಾಡಲಾರದು. ಆಯ್ಕೆಯಾಗಿಲ್ಲ ಅನ್ನುವ ಪತ್ರ ಆಗಲೇ ಬಂದಿದ್ದರೆ ಕಳಿಸಲೂಬಾರದು. ಉತ್ತರ ಬರದೇ ಇದ್ದರೆ ಕಂಗಾಲಾಗಬೇಡಿ. ನನಗೆ ಬಂದ ಇಂಥ ಮೇಲ್‌ಗಳಲ್ಲಿ ಚೆನ್ನಾಗಿದ್ದವಕ್ಕೂ ನಾನು ಉತ್ತರ ಬರೆದಿಲ್ಲ, ಫಲಿತಾಂಶ ಹೊರಬೀಳುವ ಮೊದಲು "ಚೆನ್ನಾಗಿತ್ತು" ಅಂತ ಬರೆದು ಆಸೆ ಹುಟ್ಟಿಸುವ ಹಾಗಿಲ್ಲ. ತಿದ್ದುಪಡಿ ತಲುಪಿತೇ ಅಂತ ಇನ್ನೊಂದು ಮೇಲ್ ಹಾಕಬೇಡಿ. ಫಲಿತಾಂಶಕ್ಕೆ ಅವರು ಹೇಳಿದ ದಿನ ದಾಟಿ ಎರಡು ಕೆಲಸದ ದಿನ ಕಳೆದ ಮೇಲೆ ಫಲಿತಾಂಶವನ್ನಷ್ಟೇ ವಿಚಾರಿಸಿ.

ಮುಂದಿನ ಸುತ್ತಿಗೆ ಕರೆ ಬಂದರೆ ಈ ಕ್ವೆರಿಯನ್ನು ಮತ್ತೆ ಕೇಳುವ ಸಾಧ್ಯತೆ ಇದೆ, ಸ್ವಲ್ಪ ತಿರುಚಿ. ನಾನಾಗಿದ್ದರೆ "ಕ್ಯಾನ್ಸಲ್ ಆದ ಆರ್ಡರ್‌ಗಳನ್ನು ಲೆಕ್ಕಕ್ಕೆ ಹಿಡಿಯಬಾರದು ಅಂದರೆ ಆ ಷರತ್ತನ್ನು ಎಲ್ಲಿ ಹಾಕುತ್ತೀರಿ?" ಅಂತ ಕೇಳುತ್ತೇನೆ. ಕೈ ಮತ್ತೆ `WHERE` ಕಡೆಗೆ ಹೋಗುತ್ತದೆ, ನೋಡಿಕೊಳ್ಳಿ. ಅದೂ `ON`ನಲ್ಲೇ ಇರಬೇಕು.